ಟೈಲ್ಸ್ ಬದಲಿಸುವಾಗಲೇ ಕೆಳಗಿನ ಮನೆಗೆ ಹೋಗುವ ಸದ್ದು ತಡೆಯುವುದು ಹೇಗೆ?

ಪ್ರಶ್ನೆ: ಮಂಗಳೂರಿನ ಬಿಜೈಯಲ್ಲಿ ನಮ್ಮದು ಮೂರನೇ ಮಹಡಿಯ ಫ್ಲ್ಯಾಟ್. ಕುರ್ಚಿ ಎಳೆದರೂ, ತೆಂಗಿನಕಾಯಿ ಒಡೆದರೂ ತಲೆಯ ಮೇಲೇ ಬಡಿದಂತೆ ಕೇಳುತ್ತದೆ ಎಂದು ಕೆಳಗಿನ ಮನೆಯವರು ಹೇಳುತ್ತಾರೆ. ಹೇಗೂ ಹಳೆ ಟೈಲ್ಸ್ ತೆಗೆಸುತ್ತಿದ್ದೇವೆ. ಹೊಸ ಟೈಲ್ಸ್ ಅಡಿಗೆ ರಬ್ಬರ್ ಶೀಟ್ ಹಾಕಿಸಿದರೆ ಸಾಕೇ?

ಉತ್ತರ:

ಶೀಟ್ ಬೇಕು, ಆದರೆ ಟೈಲ್ಸ್‌ನ ನೇರ ಅಡಿಗಲ್ಲ. ಸ್ಲ್ಯಾಬ್ ಮೇಲೆ ಶೀಟ್, ಅದರ ಮೇಲೆ 50 ಮಿ.ಮೀ. ಕಾಂಕ್ರೀಟ್ ಹಾಸು, ಆಮೇಲೆ ಟೈಲ್ಸ್. ಈ ಹಾಸು ಸ್ಲ್ಯಾಬಿಗಾಗಲಿ ಗೋಡೆಗಾಗಲಿ ಎಲ್ಲಿಯೂ ತಾಗದೆ ಶೀಟಿನ ಮೇಲೆ ತೇಲುತ್ತಿರಬೇಕು.

ಹಾಸು ಯಾಕೆ ಬೇಕೆಂದರೆ, ಮೆತ್ತನೆಯ ಪದರದ ಮೇಲೆ ಭಾರ ಇದ್ದಷ್ಟೂ ಅದು ಕಡಿಮೆ ಆವರ್ತನದ ಕಂಪನದಿಂದಲೇ ಸದ್ದು ತಡೆಯಲು ಶುರು ಮಾಡುತ್ತದೆ. ಲೆಕ್ಕ ಇದು: f0 = 160 × √(s′/m′). ಇಲ್ಲಿ f0 ಎಂದರೆ ಹಾಸು ಶೀಟಿನ ಮೇಲೆ ತಾನಾಗಿ ಕಂಪಿಸುವ ಆವರ್ತನ, s′ ಎಂದರೆ ಕಂಪನಕ್ಕೆ ಶೀಟ್ ತೋರುವ ಬಿಗಿತ, ಅಂದರೆ ಡೈನಾಮಿಕ್ ಸ್ಟಿಫ್‌ನೆಸ್ (MN/m³), m′ ಎಂದರೆ ಮೇಲಿನ ಭಾರ (kg/m²). ಶೀಟಿನ ಮೌಲ್ಯ 20 ಇದ್ದು, ಹಾಸು ಮತ್ತು ಟೈಲ್ಸ್ ಸೇರಿ ಚದರ ಮೀಟರಿಗೆ 130 ಕೆ.ಜಿ. ಆದರೆ ಉತ್ತರ ಸುಮಾರು 63 ಹರ್ಟ್ಸ್. ಬರೀ ಟೈಲ್ಸ್‌ನ 20 ಕೆ.ಜಿ. ಮಾತ್ರ ಇದ್ದರೆ 160 ಹರ್ಟ್ಸ್. ಈ ಸಂಖ್ಯೆಯ ಸುಮಾರು ಒಂದೂವರೆ ಪಟ್ಟಿನಿಂದ ಮೇಲಕ್ಕಷ್ಟೇ ಪ್ರಯೋಜನ ಸಿಗುತ್ತದೆ. ಅದಲ್ಲದೆ ಮೆತ್ತನೆಯ ಶೀಟಿಗೆ ನೇರ ಅಂಟಿಸಿದ ಟೈಲ್ಸ್ ಕಪಾಟಿನ ಕಾಲಿನ ಭಾರಕ್ಕೆ ಸಂದಿಯಲ್ಲಿ ಬಿರುಕು ಬಿಡುತ್ತದೆ. ಶೀಟ್ ಕೊಳ್ಳುವಾಗ ದಪ್ಪಕ್ಕಿಂತ ಮೊದಲು ಈ ಸ್ಟಿಫ್‌ನೆಸ್ ಮೌಲ್ಯ ಕೇಳಿ. ಥರ್ಮೋಕೋಲ್ ಪ್ಯಾಕಿಂಗ್ ಶೀಟ್ ಇದಕ್ಕೆ ಆಗುವುದಿಲ್ಲ.

10×12 ಅಡಿ ಕೋಣೆಯ ಲೆಕ್ಕ ಹಾಕೋಣ, ಅಂದರೆ ಸುಮಾರು 11 ಚದರ ಮೀಟರ್. ಹಾಸು ಹಾಕಲು 0.56 ಘನ ಮೀಟರ್ ಮಾಲು, ತೂಕ 1.2 ಟನ್ನಿನಷ್ಟು. ಹಳೆ ಟೈಲ್ಸ್ ಜೊತೆ ಅದರಡಿಯ ಗಾರೆಯನ್ನೂ ಸ್ಲ್ಯಾಬ್ ತನಕ ತೆಗೆಸಿದರೆ ಹೆಚ್ಚುಕಡಿಮೆ ಅಷ್ಟೇ ಭಾರ ಇಳಿದಿರುತ್ತದೆ. ಹಳೆಯದನ್ನು ಬಿಟ್ಟು ಅದರ ಮೇಲೆಯೇ ಹಾಕುವುದಾದರೆ ಸ್ಟ್ರಕ್ಚರಲ್ ಇಂಜಿನಿಯರ್ ಒಪ್ಪದೆ ಮುಟ್ಟಬೇಡಿ. ಹಳೆಯದನ್ನು ತೆಗೆಸಿದರೂ ನೆಲ ಒಂದೆರಡು ಸೆಂಟಿಮೀಟರ್ ಏರುವುದರಿಂದ ಬಾಗಿಲಿನ ಅಡಿ ಕೊಯ್ಯಿಸಬೇಕಾದೀತು.

ಸ್ಲ್ಯಾಬ್ ಮೇಲಿನ ಗಾರೆ ಗಡ್ಡೆಗಳನ್ನು ಕೆತ್ತಿ, ಪೈಪ್ ಹಾದುಹೋಗುವಲ್ಲಿ ಗಾರೆ ತುಂಬಿ ಸಮ ಮಾಡಿಸಿ. ಗೋಡೆ ಬುಡದ ಸುತ್ತ, 13.5 ಮೀಟರ್ ಉದ್ದಕ್ಕೂ, 10 ಮಿ.ಮೀ. ಫೋಮ್ ಪಟ್ಟಿಯನ್ನು ಟೈಲ್ಸ್ ಮಟ್ಟಕ್ಕಿಂತ ಎತ್ತರಕ್ಕೆ ನಿಲ್ಲಿಸಿ. ಬಾಗಿಲ ಚೌಕಟ್ಟಿನ ಕಾಲಿಗೂ ಸುತ್ತಬೇಕು, ಅಲ್ಲೇ ಎಲ್ಲರೂ ಬಿಡುವುದು. ಶೀಟ್ ಹಾಸಿ, ಸಂದಿಗೆ ಟೇಪ್ ಅಂಟಿಸಿ, ಮೇಲೆ 200 ಮೈಕ್ರಾನ್ ಪಾಲಿಥೀನನ್ನು ಪಟ್ಟಿಯ ಮೇಲಕ್ಕೂ ಮಡಚಿ ಹಾಕಿ. ಆಮೇಲೆ 1:4 ಸಿಮೆಂಟ್ ಹೊಯ್ಗೆಗೆ ಸಣ್ಣ ಜಲ್ಲಿ ಬೆರೆಸಿ, ನಡುವೆ ವೆಲ್ಡ್ ಮೆಶ್ ಇಟ್ಟು ಹಾಸು ಹಾಕಿಸಿ. ಮೆಶ್ ಶೀಟಿನ ಮೇಲೆ ಬಿದ್ದಿರಬಾರದು. ವಾರ ಕ್ಯೂರಿಂಗ್ ಸಾಕು, ಒಣಗಲು ಇನ್ನೂ ಮೂರು ವಾರ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಹಾಕಿದರೆ ಇಷ್ಟಕ್ಕೇ ಒಣಗುವುದಿಲ್ಲ, ಅಡಿಗೆ ಪಾಲಿಥೀನ್ ಇರುವುದರಿಂದ ನೀರು ಮೇಲಕ್ಕಷ್ಟೇ ಹೋಗಬೇಕು. ಒಂದು ಪ್ಲಾಸ್ಟಿಕ್ ತುಂಡನ್ನು ಟೇಪ್ ಹಾಕಿ ಅಂಟಿಸಿ ಮರುದಿನ ತೆಗೆದು ನೋಡಿ, ಅಡಿಯಲ್ಲಿ ಹನಿ ಇದ್ದರೆ ಇನ್ನೂ ಕಾಯಿರಿ.

ಕೆಲಸ ಕೆಡುವುದು ಹೆಚ್ಚಾಗಿ ಅಂಚಿನಲ್ಲಿ. ಅಂಗೈಯಗಲ ಗಾರೆ ಪಟ್ಟಿ ದಾಟಿ ಗೋಡೆಗೆ ತಾಗಿದರೂ ಕಂಪನಕ್ಕೆ ಗಟ್ಟಿ ದಾರಿ ಸಿಕ್ಕಿಬಿಡುತ್ತದೆ, ಮೆತ್ತನೆಯ ಪದರಕ್ಕೆ ಹಾಕಿದ ಹಣದ ಬಹುಪಾಲು ಹೋದಂತೆಯೇ. ಆದ್ದರಿಂದ ಟೈಲ್ಸ್ ಹಾಕುವ ಮೊದಲೇ ಒಬ್ಬರನ್ನು ಕೆಳಗಿನ ಮನೆಯಲ್ಲಿ ನಿಲ್ಲಿಸಿ, ಅಂಚಿನುದ್ದಕ್ಕೂ ಅಡಿಗೊಂದರಂತೆ ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಒಂದು ಕಡೆ ಸದ್ದು ಇದ್ದಕ್ಕಿದ್ದಂತೆ ಗಟ್ಟಿಯಾದರೆ ಅಲ್ಲಿಯೇ ತಾಗಿದೆ, ಕೆತ್ತಿ ಪಟ್ಟಿ ಸರಿಮಾಡಿಸಿ.

ಟೈಲ್ಸ್‌ಗೆ ಬಾಗುವ ಗುಣದ ಟೈಲ್ ಅಂಟು ಬಳಸಿ. ಉಳಿದ ಫೋಮನ್ನು ಟೈಲ್ಸ್ ಮುಗಿದ ಮೇಲಷ್ಟೇ ಕತ್ತರಿಸಿ. ಸ್ಕರ್ಟಿಂಗ್ ಗೋಡೆಗೆ ಮಾತ್ರ ಅಂಟಬೇಕು, ನೆಲದಿಂದ 3-4 ಮಿ.ಮೀ. ಮೇಲೆ ನಿಲ್ಲಬೇಕು, ಆ ಸಂದಿಗೆ ಸಿಲಿಕಾನ್. ಅಭ್ಯಾಸಬಲದಿಂದ ಅಲ್ಲಿಗೆ ವೈಟ್ ಸಿಮೆಂಟ್ ತುಂಬಿಬಿಡುತ್ತಾರೆ, ಆ ಹೊತ್ತಿಗೆ ನೀವೇ ಎದುರು ನಿಂತಿರಿ.

ಕುರ್ಚಿ, ಪಾತ್ರೆ ಬಿದ್ದ ಸದ್ದು, ಕಾಯಿ ಒಡೆಯುವ ಚಟ್ ಶಬ್ದ ಚೆನ್ನಾಗಿ ತಗ್ಗುತ್ತದೆ. ಮಕ್ಕಳು ಕುಣಿಯುವ, ಹಿಮ್ಮಡಿ ಊರಿ ನಡೆಯುವ ಧಬಧಬ 63 ಹರ್ಟ್ಸ್ ಆಸುಪಾಸಿನದು, ಅದು ಅಷ್ಟಾಗಿ ತಗ್ಗದು. ಅಡುಗೆಕಟ್ಟೆಯ ಮಿಕ್ಸಿಯ ಸದ್ದು ಗೋಡೆಯ ಮೂಲಕ ಇಳಿಯುವುದರಿಂದ ನೆಲಕ್ಕೆ ಮಾಡಿದ್ದು ಅದಕ್ಕೆ ಸಲ್ಲುವುದಿಲ್ಲ, ಮಿಕ್ಸಿಯ ಅಡಿಗೇ ದಪ್ಪ ರಬ್ಬರ್ ಇಡಿ. ಕೆಳಗಿನವರು ಫಾಲ್ಸ್ ಸೀಲಿಂಗ್ ಹಾಕಿಕೊಳ್ಳಲಿ ಎನ್ನುವ ಸಲಹೆಯೂ ಬರಬಹುದು, ಆದರೆ ಸ್ಲ್ಯಾಬಿನಿಂದ ಗೋಡೆಗಿಳಿದ ಕಂಪನವನ್ನು ಸೀಲಿಂಗ್ ತಡೆಯಲಾರದು.