ಸ್ಥಗಿತ ಬೆಲೆ 60 ಅಲ್ಲ, 24

“ಮಲ್ಪೆಯ ಐಸ್ ಕಾರ್ಖಾನೆಯೊಂದರ ಲೆಕ್ಕ: ಉತ್ಪಾದನೆ q ಆದಾಗ ಒಟ್ಟು ವೆಚ್ಚ TC = q³ − 12q² + 60q + 256. ಸ್ಥಗಿತ ಬೆಲೆ 60 ಎಂದು ಬರೆದೆ, ತಪ್ಪಂತೆ. ಏಕೆ?”

ನೀವು ಸರಾಸರಿ ಒಟ್ಟು ವೆಚ್ಚದ ಕನಿಷ್ಠವನ್ನು ಹಿಡಿದಿರಬೇಕು; q = 8 ಆದಾಗ ಅದು 60. ಅದು ಲಾಭವೂ ನಷ್ಟವೂ ಇಲ್ಲದ ಬೆಲೆ ಮಾತ್ರ. ಯಾವ ಬೆಲೆಗಿಂತ ಕೆಳಗಿಳಿದರೆ ಬಾಗಿಲು ಹಾಕುವುದೇ ಲೇಸೋ ಅದು ಸ್ಥಗಿತ ಬೆಲೆ; ಅದು ಸರಾಸರಿ ಬದಲಾಗುವ ವೆಚ್ಚದ ಕನಿಷ್ಠ.

ಮೊದಲು 256 ಅನ್ನು ಬದಿಗಿಡಿ. ಯಂತ್ರ ನಿಂತರೂ ಕಟ್ಟಡದ ಬಾಡಿಗೆ ನಿಲ್ಲುವುದಿಲ್ಲ. ಉಳಿದದ್ದನ್ನು q ಇಂದ ಭಾಗಿಸಿದರೆ ಸರಾಸರಿ ಬದಲಾಗುವ ವೆಚ್ಚ: AVC = q² − 12q + 60. ಅದಕ್ಕೆ 256/q ಕೂಡಿಸಿದರೆ ಸರಾಸರಿ ಒಟ್ಟು ವೆಚ್ಚ, ATC. ಒಟ್ಟು ವೆಚ್ಚದ ಅವಕಲನವೇ ಸೀಮಾಂತ ವೆಚ್ಚ: MC = 3q² − 24q + 60. AVC ಕನಿಷ್ಠವಾಗುವುದು MC ಅದಕ್ಕೆ ಸಮವಾದಲ್ಲಿ. MC = AVC ಎಂದಿಟ್ಟರೆ 2q² = 12q, ಅಂದರೆ q = 6, ಬೆಲೆ 24.

ತಾಳೆ ನೋಡಿ: ಆ ಬೆಲೆಗೆ ಆದಾಯ 144, ಬದಲಾಗುವ ವೆಚ್ಚವೂ 144. ನಷ್ಟ 256, ಬಾಗಿಲು ಹಾಕಿದರೂ ಅಷ್ಟೇ. ಬೆಲೆ 40 ಇದ್ದರೆ ನಷ್ಟವಾದರೂ ಕಾರ್ಖಾನೆ ಓಡಬೇಕು.

ಮುಚ್ಚಿದರೆ 256ರಲ್ಲಿ ಒಂದು ಪಾಲು ಉಳಿತಾಯವಾಗುತ್ತದೆ ಎಂದು ಪ್ರಶ್ನೆಯಲ್ಲಿದ್ದರೆ ಮಾತ್ರ ಉತ್ತರ ಬೇರೆ. ಆ ಪಾಲನ್ನು ಬದಲಾಗುವ ವೆಚ್ಚಕ್ಕೆ ಸೇರಿಸಿ ಮತ್ತೆ ಕನಿಷ್ಠ ಹುಡುಕಿ.