ಜೀನ್ ಡ್ರೈವ್: ಸೊಳ್ಳೆಯ ಸಂತಾನದಲ್ಲಿ ಅರ್ಧದ ಲೆಕ್ಕ ತಪ್ಪುವ ಬಗೆ

ಪ್ರಶ್ನೆ: ಸೊಳ್ಳೆಗೇ ಹಾನಿ ಮಾಡುವ ವಂಶವಾಹಿ ಅಳಿಯದೆ ಹರಡುವುದು ಹೇಗೆ? ಅದನ್ನು ಹೊರಗೆ ಬಿಡಲು ಆಕ್ಷೇಪವೇಕೆ?

ಜೋಡಿ ವರ್ಣತಂತುಗಳ ಪೈಕಿ ಒಂದರಲ್ಲಷ್ಟೇ ಇರುವ ವಂಶವಾಹಿ ಸಾಮಾನ್ಯವಾಗಿ ಅರ್ಧದಷ್ಟು ಸಂತತಿಗೆ ಮಾತ್ರ ದಾಟುತ್ತದೆ. ಈ ಲೆಕ್ಕವನ್ನು ಮೀರುವಂತೆ ರೂಪಿಸಿದ ವಂಶವಾಹಿಯೇ ಜೀನ್ ಡ್ರೈವ್. ಅದು ತನ್ನೊಳಗೆ, ಡಿಎನ್‌ಎಯನ್ನು ಗೊತ್ತುಮಾಡಿದ ಜಾಗದಲ್ಲಿ ಕತ್ತರಿಸುವ ಕ್ರಿಸ್ಪರ್ ಕತ್ತರಿಯನ್ನು ಹೊತ್ತಿರುತ್ತದೆ. ವೀರ್ಯಾಣು ಅಥವಾ ಅಂಡ ರೂಪುಗೊಳ್ಳುವ ಕೋಶಗಳಲ್ಲಿ ಅದು ಎದುರಿನ ವರ್ಣತಂತುವನ್ನು ಅದೇ ಸ್ಥಾನದಲ್ಲಿ ಕತ್ತರಿಸಿದಾಗ, ಕೋಶವು ಡ್ರೈವ್ ಇರುವ ಪ್ರತಿಯನ್ನೇ ಮಾದರಿಯಾಗಿಟ್ಟುಕೊಂಡು ಗಾಯವನ್ನು ದುರಸ್ತಿ ಮಾಡುವುದರಿಂದ ಒಂದಿದ್ದದ್ದು ಎರಡಾಗುತ್ತದೆ.

2018ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಶೋಧಕರು ಮಲೇರಿಯಾ ಹರಡುವ ಅನಾಫಿಲಿಸ್ ಗ್ಯಾಂಬಿಯೆ ಸೊಳ್ಳೆಯಲ್ಲಿ ಹೆಣ್ಣು-ಗಂಡಿನ ಬೆಳವಣಿಗೆಯನ್ನು ನಿರ್ದೇಶಿಸುವ ಡಬಲ್‌ಸೆಕ್ಸ್ ವಂಶವಾಹಿಯನ್ನು ಹೀಗೆ ಗುರಿಮಾಡಿದರು. ಒಂದೇ ಪ್ರತಿ ಪಡೆದ ಹೆಣ್ಣು ಮೊಟ್ಟೆಯಿಡಬಲ್ಲದು. ಎರಡು ಪ್ರತಿ ಪಡೆದದ್ದು ಕಚ್ಚಲಾರದು, ಮೊಟ್ಟೆಯನ್ನೂ ಇಡಲಾರದು. ಗಂಡಿಗೆ ಮಾತ್ರ ಬಾಧೆಯಿಲ್ಲದ ಕಾರಣ ಅದು ಡ್ರೈವನ್ನು ಹಂಚುತ್ತಲೇ ಹೋಗುತ್ತದೆ. ಎರಡು ಪಂಜರಗಳಲ್ಲಿ 7ರಿಂದ 11 ಪೀಳಿಗೆಗಳೊಳಗೆ ಡ್ರೈವ್ ಎಲ್ಲ ಸೊಳ್ಳೆಗಳಿಗೂ ಹರಡಿತು, ಮೊಟ್ಟೆಗಳು ನಿಂತು ಸಂತಾನವೇ ನಿರ್ನಾಮವಾಯಿತು.

ಕತ್ತರಿಸಿದ ತುದಿಗಳು ಕೆಲವೊಮ್ಮೆ ನಕಲಿಲ್ಲದೆ ನೇರವಾಗಿ ಬೆಸೆದುಕೊಂಡು ಅಲ್ಲಿನ ಡಿಎನ್‌ಎ ಅಕ್ಷರಗಳು ಬದಲಾಗುತ್ತವೆ. ಬದಲಾದ ವಂಶವಾಹಿಯ ಗುರುತು ಕತ್ತರಿಗೆ ಸಿಗದು, ಅದು ಕೆಲಸವನ್ನೂ ಮಾಡಿದರೆ ಡ್ರೈವ್‌ಗೆ ನಿರೋಧ ಹುಟ್ಟುತ್ತದೆ. ಡಬಲ್‌ಸೆಕ್ಸ್‌ನ ಆ ಭಾಗ ಬದಲಾವಣೆಯನ್ನು ಬಹುಮಟ್ಟಿಗೆ ಸಹಿಸದ್ದರಿಂದಲೇ ಆಯ್ಕೆಯಾಯಿತು. ಆದರೂ ಕೆಲವು ನೂರು ಸೊಳ್ಳೆಗಳ ಪಂಜರದಲ್ಲಿ ಕಾಣದ ಅಪರೂಪದ ರೂಪಾಂತರ ಕೋಟ್ಯಂತರ ಸೊಳ್ಳೆಗಳಲ್ಲಿ ಕಾಣಬಹುದು.

ಪರಿಸರದ ವಾದದಲ್ಲಿ, ಈ ಸೊಳ್ಳೆಯನ್ನು ತಿನ್ನುವ ಜೀವಿಗಳು ಹಸಿವಿನಿಂದ ಸಾಯುತ್ತವೆಂಬ ಆತಂಕ ನನಗೆ ದುರ್ಬಲವೆನಿಸುತ್ತದೆ. ಅವು ಬೇರೆ ಕೀಟಗಳನ್ನೂ ತಿನ್ನುತ್ತವೆ. ಗಂಭೀರವಾದವು ಬೇರೆ: ತೆರವಾದ ನೀರಿನ ತಾಣವನ್ನು ಮಲೇರಿಯಾ ಹರಡುವ ಇನ್ನೊಂದು ಪ್ರಭೇದ ಹಿಡಿಯಬಹುದು, ಅನಾಫಿಲಿಸ್ ಕೊಲುಝಿಯಂತಹ ಸೋದರ ಪ್ರಭೇದಗಳಿಗೆ ಸಂಕರದ ಮೂಲಕ ಡ್ರೈವ್ ದಾಟಬಹುದು, ಮತ್ತು ಒಂದು ದೇಶ ಒಪ್ಪಿ ಬಿಟ್ಟದ್ದು ಒಪ್ಪದ ನೆರೆದೇಶವನ್ನೂ ಸೇರಬಹುದು.