ವಿಎಂಸಿ, ಲೇತ್ ಎರಡಕ್ಕೂ ಒಂದೇ ತಾಸಿನ ರೇಟ್ ಹಿಡಿದರೆ ಏನಾಗುತ್ತದೆ?

ಪ್ರಶ್ನೆ: ಉದ್ಯಮಬಾಗದಾಗ ಸಣ್ಣ ಶೆಡ್ ಐತ್ರಿ. ಎರಡು ಸಿಎನ್‌ಸಿ ಲೇತ್, ಒಂದು ವಿಎಂಸಿ, ಎರಡು ಶಿಫ್ಟ್. ಕಾಸ್ಟಿಂಗ್ ಪಾರ್ಟಿಯವರೇ ಕೊಡ್ತಾರ, ನಮ್ಮದು ಮಷಿನಿಂಗ್ ಅಷ್ಟೇ. ತಿಂಗಳ ಖರ್ಚು ಸುಮಾರು 2,97,000, ಮೂರೂ ಮಷಿನ್ ಸೇರಿ 780 ತಾಸು ಕೆಲಸ, ಅದಕ್ಕ ತಾಸಿಗೆ 380 ಹಿಡಿದು ರೇಟ್ ಕೊಡ್ತೀನಿ. ವಿಎಂಸಿ ಕೆಲಸ ಸಾಲುಗಟ್ಟಿ ಬರ್ತಾವ, ಲೇತ್ ಕೆಲಸ ಬ್ಯಾರೆಯವರ ಪಾಲಾಗ್ತಾವ. ಕೊನೀಗೆ ಕೈಯಾಗ ಏನೂ ಉಳಿಯೂದಿಲ್ಲ. ಓವರ್‌ಹೆಡ್ ಹೆಂಗ ಹಂಚಬೇಕು?

ಉತ್ತರ: ನಿಮ್ಮ 380 ಲೆಕ್ಕದಲ್ಲಿ ತಪ್ಪಿಲ್ಲ, ಆದರೆ ಅದು ನಿಮ್ಮ ಯಾವ ಮಷಿನ್ನಿನ ರೇಟೂ ಅಲ್ಲ. ವಿಎಂಸಿ ತಾಸಿಗೆ ಅದಕ್ಕಿಂತ ಬಹಳ ಹೆಚ್ಚು ತಿನ್ನುತ್ತದೆ, ಲೇತ್ ಕಡಿಮೆ ತಿನ್ನುತ್ತದೆ. ಸರಾಸರಿ ಹಿಡಿದಾಗ ವಿಎಂಸಿ ಕೆಲಸ ಅಗ್ಗವಾಗಿ ಕಾಣುತ್ತದೆ, ಪಾರ್ಟಿಯವರು ಅದನ್ನೇ ತಂದು ಸುರಿಯುತ್ತಾರೆ. ಲೇತ್ ಕೆಲಸ ದುಬಾರಿ ಅನಿಸಿ ಪಕ್ಕದ ಶೆಡ್ಡಿಗೆ ಹೋಗುತ್ತದೆ. ಅಂದರೆ ಯಾವುದರಲ್ಲಿ ನಷ್ಟವೋ ಅದೇ ಕೆಲಸ ನಿಮ್ಮ ಹತ್ತಿರ ಬಂದು ಸೇರುತ್ತಿದೆ.

ನಿಮ್ಮ 2,97,000ವನ್ನೇ ಬಿಡಿಸಿ ನೋಡೋಣ. ಒಳಗಿನ ಒಡಕು ನೀವು ಬರೆದಿಲ್ಲ, ಹಾಗಾಗಿ ನಾನು ಊಹಿಸಿದ್ದೇನೆ. ನಿಮ್ಮ ವಹಿ ತೆಗೆದು ಅಂಕಿ ಬದಲಿಸಿಕೊಳ್ಳಿ.

ಮೊದಲು ತಾಸು. 780ರಲ್ಲಿ ಒಂದೊಂದು ಲೇತ್ 280, ವಿಎಂಸಿ 220 ಅಂತ ಇಟ್ಟುಕೊಳ್ಳಿ. ಎರಡು ಶಿಫ್ಟ್, 25 ದಿನ ಅಂದರೆ ಗಡಿಯಾರದಲ್ಲಿ 400 ತಾಸು. ಅದನ್ನು ಹಿಡಿಯಬೇಡಿ. ಊಟ, ಚಹಾ, ಕರೆಂಟ್ ಹೋಗಿದ್ದು, ಕಾಸ್ಟಿಂಗ್ ಬರಲಿ ಅಂತ ಕಾದಿದ್ದು ಎಲ್ಲ ಅದರಲ್ಲೇ ಇವೆ. ಅದಕ್ಕೆ ಯಾವ ಪಾರ್ಟಿಯೂ ದುಡ್ಡು ಕೊಡುವುದಿಲ್ಲ.

ಇನ್ನು ಮಷಿನ್ನಿಗೇ ಅಂಟಿದ ಖರ್ಚು. ಲೇತ್ 18 ಲಕ್ಷದ್ದು, ಹತ್ತು ವರ್ಷಕ್ಕೆ ಮಾರಿದರೆ 3 ಲಕ್ಷ ಬರಬಹುದು. ತಿಂಗಳ ಸವಕಳಿ 12,500. ಇಲ್ಲಿ ಸಾಲದ ಕಂತು ಹಾಕುವವರೇ ಹೆಚ್ಚು. ಕಂತು ಮೂರು ವರ್ಷಕ್ಕೆ ಮುಗಿದರೆ ರೇಟ್ ದಿಢೀರ್ ಇಳಿಯುತ್ತದೆ, ಆದರೆ ಮಷಿನ್ ಸವೆಯುವುದು ನಿಲ್ಲುವುದಿಲ್ಲ. ಬಾಡಿಗೆಯನ್ನು ಜಾಗದ ಮೇಲೆ ಹಂಚಿ, ಆದರೆ ಮಷಿನ್ ನಿಂತ ಜಾಗವನ್ನಷ್ಟೇ ಅಳೆಯಬೇಡಿ, ಅದರ ಪಕ್ಕ ಕಾಸ್ಟಿಂಗ್ ಒಟ್ಟಿದ ಜಾಗವೂ ಅದರದೇ. 28,000 ಬಾಡಿಗೆಯಲ್ಲಿ ವಿಎಂಸಿಗೆ 12,000, ಲೇತ್‌ಗಳಿಗೆ 8,000ದಂತೆ ಬಂತು. ರಿಪೇರಿ, ಕೂಲಂಟ್, ಆಯಿಲ್ ಲೇತ್‌ಗೆ 4,700. ಒಟ್ಟು 25,200, ಅದನ್ನು 280 ತಾಸಿಗೆ ಭಾಗಿಸಿದರೆ 90 ರೂಪಾಯಿ.

ವಿಎಂಸಿಗೆ ಇದೇ ರೀತಿ ಸವಕಳಿ 20,000, ಬಾಡಿಗೆ 12,000, ರಿಪೇರಿ 7,600. 39,600ನ್ನು 220ಕ್ಕೆ ಭಾಗಿಸಿದರೆ 180.

ಕರೆಂಟಿಗೆ ಮಷಿನ್ ಪ್ಲೇಟಿನ ಮೇಲಿನ ಕೆವಿಎ ನೋಡಬೇಡಿ. ಸ್ಪಿಂಡಲ್ ದಿನವಿಡೀ ಪೂರ್ತಿ ಲೋಡಿನಲ್ಲಿ ತಿರುಗುವುದಿಲ್ಲ, ಆ ಲೆಕ್ಕ ಎರಡು ಮೂರು ಪಟ್ಟು ಉಬ್ಬಬಹುದು. ಪ್ಯಾನೆಲ್‌ಗೆ ಒಂದು ಸಬ್ ಮೀಟರ್ ಹಾಕಿಸಿ ಒಂದು ವಾರ ಓದಿ. ಯೂನಿಟ್ ದರವನ್ನೂ ಹೆಸ್ಕಾಂ ಬಿಲ್ಲಿನ ಎನರ್ಜಿ ಚಾರ್ಜ್ ಸಾಲಿನಿಂದ ಎತ್ತಬೇಡಿ. ಫಿಕ್ಸೆಡ್ ಚಾರ್ಜ್, ತೆರಿಗೆ ಸೇರಿದ ಪೂರ್ತಿ ಬಿಲ್ಲನ್ನು ಯೂನಿಟ್‌ಗಳಿಂದ ಭಾಗಿಸಿ. 8 ರೂಪಾಯಿ ಬಂತು ಅನ್ನಿ. ಲೇತ್ ತಾಸಿಗೆ 5 ಯೂನಿಟ್ ಎಳೆದರೆ 40, ವಿಎಂಸಿ 7.5 ಯೂನಿಟ್ ಎಳೆದರೆ 60.

ಸೂಪರ್‌ವೈಸರ್, ಇನ್ಸ್‌ಪೆಕ್ಟರ್, ಕಂಪ್ರೆಸರ್ ಮತ್ತು ಲೈಟಿನ ಕರೆಂಟ್, ಗೇಜ್ ಕ್ಯಾಲಿಬ್ರೇಶನ್, ಲೆಕ್ಕ ಬರೆಯುವವರು, ಇವು ಎಲ್ಲರಿಗೂ ಸೇರಿದ್ದು. 78,000 ಇದ್ದರೆ 780 ತಾಸಿಗೆ ಭಾಗಿಸಿ, ತಾಸಿಗೆ 100. ಒಂದೇ ದರದಲ್ಲಿ ಹಂಚಲು ತಕ್ಕದ್ದು ಇದೊಂದೇ ಭಾಗ.

ಆಪರೇಟರ್ ಸಂಬಳ ನಿಯಮದ ಪ್ರಕಾರ ಓವರ್‌ಹೆಡ್ ಅಲ್ಲ, ನೇರ ಕೂಲಿ. ಆದರೂ ಸಣ್ಣ ಶೆಡ್ಡಿನಲ್ಲಿ ತಾಸಿನ ರೇಟಿಗೇ ಸೇರಿಸುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ, ಯಾಕೆಂದರೆ ಒಬ್ಬನೇ ಎರಡು ಲೇತ್ ನೋಡಿಕೊಳ್ಳುತ್ತಾನೆ. ಬೇರೆ ಬರೆದರೆ ಒಂದೋ ಎರಡು ಸಲ ಬೀಳುತ್ತದೆ, ಇಲ್ಲ ಮರೆತೇ ಹೋಗುತ್ತದೆ. ಪಿಎಫ್, ಇಎಸ್‌ಐ, ಬೋನಸ್ ಸೇರಿ ಶಿಫ್ಟಿಗೊಬ್ಬರಂತೆ ಇಬ್ಬರಿಗೆ 44,800 ಆದರೆ, ಎರಡೂ ಲೇತ್‌ಗಳ 560 ತಾಸಿಗೆ 80 ರೂಪಾಯಿ. ವಿಎಂಸಿಯ ಇಬ್ಬರಿಗೆ 48,400, ಅದು 220 ತಾಸಿಗೆ 220 ರೂಪಾಯಿ.

ಈಗ ಕೂಡಿಸಿ. ಲೇತ್ 90+40+100+80 = 310. ವಿಎಂಸಿ 180+60+100+220 = 560. 560 ತಾಸು ಲೇತ್, 220 ತಾಸು ವಿಎಂಸಿ ಗುಣಿಸಿ ಕೂಡಿಸಿದರೆ 2,96,800, ಅಂದರೆ ನಿಮ್ಮ ಖರ್ಚೇ ತಿರುಗಿ ಬಂತು. ಹೀಗೆ ಮೊತ್ತ ತಾಳೆಯಾಗದಿದ್ದರೆ ಯಾವುದೋ ಖರ್ಚು ಬಿಟ್ಟುಹೋಗಿದೆ, ಇಲ್ಲ ಎರಡು ಸಲ ಬಿದ್ದಿದೆ. ಎರಡು ಸಲ ಬೀಳುವುದು ಸಾಮಾನ್ಯವಾಗಿ ಕಂಪ್ರೆಸರ್ ಕರೆಂಟ್.

ರೇಟ್ ಸಿಕ್ಕ ಮೇಲೆ ಹೆಚ್ಚಿನವರು ಎಡವುವುದು ತಾಸು ಎಣಿಸುವಲ್ಲಿ. ಭಾಗಿಸುವಾಗ ಯಾವ ತಾಸು ಹಿಡಿದಿರೋ, ಜಾಬಿಗೆ ರೇಟ್ ಹಾಕುವಾಗಲೂ ಅದೇ ತಾಸು ಹಿಡಿಯಬೇಕು. ಫ್ಯಾನಕ್ ಕಂಟ್ರೋಲಿನ ಟೈಮರ್ ಪರದೆಯಲ್ಲಿ `POWER ON`, `OPERATING TIME`, `CUTTING TIME` ಬೇರೆಬೇರೆ ಕಾಣುತ್ತವೆ. `OPERATING TIME` ಅಂದರೆ ಪ್ರೋಗ್ರಾಂ ಆಟೋದಲ್ಲಿ ಓಡಿದ ಹೊತ್ತು ಮಾತ್ರ. ಕಾಸ್ಟಿಂಗ್ ಕಟ್ಟುವುದು, ಬಿಚ್ಚುವುದು, ಫಿಕ್ಸ್ಚರ್ ಬದಲಿಸಿ ಡಯಲ್ ಹಚ್ಚುವುದು ಅದರಲ್ಲಿ ಇಲ್ಲ. ಮೇಲಿನ 220ರಲ್ಲಿ ಓಡಿದ್ದು 150, ಕಟ್ಟಿ ಬಿಚ್ಚಿ ಅಳೆದಿದ್ದು 35, ಸೆಟ್ಟಿಂಗ್ 35 ಇರಬಹುದು. ಹಾಗಿದ್ದರೆ ಕೊಟೇಶನ್ನಿನಲ್ಲೂ ಮೂರನ್ನೂ ಹಿಡಿಯಬೇಕು. 220ರಿಂದ ಭಾಗಿಸಿ, ಪರದೆಯ ಸೈಕಲ್ ಟೈಮಿನಿಂದ ಮಾತ್ರ ಗುಣಿಸಿದರೆ ಆ 70 ತಾಸಿನ ಖರ್ಚು ಯಾರ ಬಿಲ್ಲಿಗೂ ಹೋಗುವುದಿಲ್ಲ.

ಒಂದು ಜಾಬ್ ತಗೊಳ್ಳಿ: ಹೈಡ್ರಾಲಿಕ್ ಪಂಪಿನ ಎಂಡ್ ಕವರ್, 120 ನಗ. ವಿಎಂಸಿ ಸೈಕಲ್ 9 ನಿಮಿಷ, ಕಟ್ಟಿ ಬಿಚ್ಚಿ ಅಳೆಯಲು 3, ಒಟ್ಟು 12. 120 ನಗಕ್ಕೆ 24 ತಾಸು, ಮೊದಲ ಪೀಸ್ ಪಾಸಾಗುವವರೆಗೆ ಸೆಟ್ಟಿಂಗ್ 3 ತಾಸು. ಲೇತ್ ಸೈಕಲ್ 4 ನಿಮಿಷ, ಕಟ್ಟಿ ಬಿಚ್ಚಲು 1, ಒಟ್ಟು 10 ತಾಸು, ಸೆಟ್ಟಿಂಗ್ 2.

ವಿಎಂಸಿ 27 × 560 = 15,120. ಲೇತ್ 12 × 310 = 3,720. ಇನ್ಸರ್ಟ್, ಡ್ರಿಲ್, ಟ್ಯಾಪ್ ನಗಕ್ಕೆ 14 ರೂಪಾಯಿಯಂತೆ 1,680. ಇವನ್ನು ಓವರ್‌ಹೆಡ್‌ಗೆ ತಳ್ಳಬೇಡಿ, ಗಟ್ಟಿ ಕಾಸ್ಟಿಂಗ್ ತಿಂದ ಇನ್ಸರ್ಟ್ ಖರ್ಚನ್ನು ಅಲ್ಯೂಮಿನಿಯಂ ಜಾಬ್ ಹೊರುವುದು ನ್ಯಾಯವಲ್ಲ. ಒಟ್ಟು 20,520. ಮೂರು ಪೀಸ್ ರಿಜೆಕ್ಟ್ ಆಗಿ 117ಕ್ಕೆ ಬಿಲ್ ಆದರೆ ನಗಕ್ಕೆ 175.40. (ಬೋರ್ ಹೊಡೆದ ಮೇಲೆ ಬ್ಲೋ ಹೋಲ್ ಕಂಡರೆ ಮಷಿನಿಂಗ್ ಕೂಲಿ ಯಾರದು ಅನ್ನುವುದನ್ನು ಆರ್ಡರ್ ಹಿಡಿಯುವ ಮೊದಲೇ ಬರೆಸಿಕೊಳ್ಳಿ.) ಬ್ಯಾಂಕ್ ಬಡ್ಡಿ, ನಿಮ್ಮ ಸ್ವಂತ ಸಂಬಳ ಇದರಲ್ಲಿ ಇಲ್ಲ. ಅವು ತಿಂಗಳಿಗೆ 59,000 ಇದ್ದರೆ ಕಾರ್ಖಾನೆ ಖರ್ಚಿನ ಸುಮಾರು ಶೇ 20. ಅದನ್ನು ಸೇರಿಸಿದರೆ 210, ಮೇಲೆ ಶೇ 10 ಲಾಭ ಇಟ್ಟರೆ 231.

ಇದೇ ಜಾಬಿಗೆ ನಿಮ್ಮ 380ರ ಲೆಕ್ಕ ಹಾಕಿದರೆ 39 ತಾಸಿಗೆ 14,820, ಟೂಲ್ ಸೇರಿ 16,500, ನಗಕ್ಕೆ 141. ಲಾಭ ಸಿಗುತ್ತಿದೆ ಅಂತ ನೀವು 160ಕ್ಕೆ ಒಪ್ಪಿಕೊಂಡರೂ ನಗಕ್ಕೆ 15 ರೂಪಾಯಿ ಕೈಯಿಂದ ಹೋಗುತ್ತಿದೆ. ಸೆಟ್ಟಿಂಗ್, ಕಟ್ಟುವ ಹೊತ್ತು ಬಿಟ್ಟು 13 ನಿಮಿಷಕ್ಕೆ ಮಾತ್ರ 380 ಹಚ್ಚಿದ್ದರೆ ಬರೀ 82.

ಸೆಟ್ಟಿಂಗನ್ನು ಕೊಟೇಶನ್ನಿನಲ್ಲಿ ಬೇರೆ ಸಾಲಿನಲ್ಲೇ ಬರೆಯಿರಿ. ಈ ಜಾಬಿಗೆ ಅದು 2,300. 120 ನಗಕ್ಕೆ ಹಂಚಿದರೆ 19 ರೂಪಾಯಿ, ಕಾಣಿಸುವುದೇ ಇಲ್ಲ. ಅದೇ ಪಾರ್ಟಿ ಮುಂದಿನ ತಿಂಗಳು "ಅರ್ಜೆಂಟ್ ಐತ್ರಿ, 20 ನಗ ಹಳೇ ರೇಟಿಗೇ ಮಾಡಿಕೊಡ್ರಿ" ಅಂದಾಗ ನಗಕ್ಕೆ 115 ಆಗುತ್ತದೆ.

ಇನ್ನೊಂದು ಹೊಂಡ ಇದೆ. ಆರ್ಡರ್ ಇಲ್ಲದೆ ವಿಎಂಸಿ 110 ತಾಸು ಮಾತ್ರ ಓಡಿದ ತಿಂಗಳು ಹೊಸದಾಗಿ ಭಾಗಿಸಲು ಕೂರಬೇಡಿ. ರೇಟ್ ಹತ್ತಿರ ಹತ್ತಿರ ಎರಡರಷ್ಟಾಗುತ್ತದೆ, ಆ ರೇಟಿಗೆ ಇದ್ದ ಆರ್ಡರೂ ಹೋಗುತ್ತದೆ, ಮುಂದಿನ ತಿಂಗಳು ಇನ್ನೂ ಏರುತ್ತದೆ. ಹಿಂದಿನ ಹನ್ನೆರಡು ತಿಂಗಳ ಸರಾಸರಿಯನ್ನೇ ಸಾಮಾನ್ಯ ಸಾಮರ್ಥ್ಯ ಅಂತ ಹಿಡಿದು ವರ್ಷಕ್ಕೊಮ್ಮೆ ಬದಲಿಸಿ. ದಾಸ್ತಾನು ಬೆಲೆ ಕಟ್ಟುವ ಲೆಕ್ಕಪತ್ರ ಮಾನದಂಡ ಎಎಸ್ 2 ಕೂಡ ಸ್ಥಿರ ಓವರ್‌ಹೆಡ್ಡನ್ನು ಸಾಮಾನ್ಯ ಸಾಮರ್ಥ್ಯದ ಮೇಲೆಯೇ ಹಂಚಲು ಹೇಳುತ್ತದೆ. ಮಷಿನ್ ಖಾಲಿ ನಿಂತ ಖರ್ಚು ನಿಮ್ಮ ನಷ್ಟ, ಈ ಜಾಬಿನ ಖರ್ಚಲ್ಲ.

ಬರ್ ತೆಗೆಯುವುದು, ತೊಳೆಯುವುದು, ಪ್ಯಾಕಿಂಗ್ ಮಷಿನ್ ತಾಸಿಗೆ ಬರುವ ಕೆಲಸವಲ್ಲ. ಅವಕ್ಕೆ ಆಳಿನ ತಾಸು ಹಿಡಿದು ಜಾಬಿಗೆ ಬೇರೆ ಸೇರಿಸಿ. ಒಳಗೆ ಅಡ್ಡ ತೂತುಗಳಿರುವ ವಾಲ್ವ್ ಬಾಡಿಯಲ್ಲಿ ಬರ್ ತೆಗೆಯಲು ಹಿಡಿಯುವ ಹೊತ್ತು ಲೇತ್ ಸೈಕಲ್ಲಿಗಿಂತ ಹೆಚ್ಚಿರಬಹುದು.

ತಿಂಗಳ ಕೊನೆಗೆ ವಿಎಂಸಿಗೆ ಬಿಲ್ ಆದ ತಾಸು ಎಣಿಸಿ. 180 ಆಗಿದ್ದರೆ 40 ತಾಸು ಕಡಿಮೆ. ಕರೆಂಟಿನ 60 ಬಿಟ್ಟು ಉಳಿದ 500ರಂತೆ 20,000 ವಸೂಲಾಗಿಲ್ಲ. ಆಗ ಆಪರೇಟರ್ ತಾಸು ಬರೆದಿಟ್ಟ ಪಟ್ಟಿ ತೆಗೆಯಿರಿ. ಅಲ್ಲಿಯೂ 180 ಇದ್ದರೆ ಆರ್ಡರ್ ಸಾಲದು, ರೇಟ್ ಮುಟ್ಟಬೇಡಿ. ಪಟ್ಟಿಯಲ್ಲಿ 220 ಇದ್ದು ಬಿಲ್ 180ಕ್ಕೆ ಆಗಿದ್ದರೆ ಕೊಟೇಶನ್ನಿನ ನಿಮಿಷಗಳೇ ಸುಳ್ಳು. ಒಂದು ಪಾಳಿ ಗಡಿಯಾರ ಹಿಡಿದು ಮಷಿನ್ ಮುಂದೆ ನಿಂತು ಎಣಿಸಿ, ಒಂದು ಪೀಸ್ ಬಿಚ್ಚಿ ಇನ್ನೊಂದು ಕಟ್ಟುವ ಮಧ್ಯದ ಹೊತ್ತಿನಿಂದ ಶುರು ಮಾಡಿ.